ದೂರು ಮೊದಲು ಯಾರ ಕೈಗೆ ಸೇರುತ್ತದೆ?

2019ರ ಅಕ್ಟೋಬರ್ 21, ಸೋಮವಾರ. ಮಹಾರಾಷ್ಟ್ರದಲ್ಲಿ ವಿಧಾನಸಭೆಗೆ ಮತದಾನ ಇದ್ದುದರಿಂದ ಮುಂಬೈ ಷೇರುಪೇಟೆಗೆ ರಜೆ. ಇನ್ಫೋಸಿಸ್ ಒಳಗಿನವರೇ ತಮ್ಮ ಮೇಲಧಿಕಾರಿಗಳ ವಿರುದ್ಧ ಬರೆದದ್ದು ಎನ್ನಲಾದ ಒಂದು ದೂರಿನ ಪತ್ರ ಅವತ್ತು ಸುದ್ದಿಯಾಯಿತು. ಮಂಗಳವಾರ ಪೇಟೆ ತೆರೆದಾಗ ಕಂಪನಿಯ ಷೇರು ಸುಮಾರು ಶೇ 16ರಷ್ಟು ಬಿತ್ತು. ಒಂದೇ ದಿನದಲ್ಲಿ ಸುಮಾರು 53 ಸಾವಿರ ಕೋಟಿ ರೂಪಾಯಿ ಮೌಲ್ಯ ಕರಗಿತು. ಬೆಂಗಳೂರಿನಲ್ಲಿ ಪಿಂಚಣಿ ಹಣದಲ್ಲಿ ನಾಲ್ಕು ಇನ್ಫೋಸಿಸ್ ಷೇರು ಕೊಂಡಿಟ್ಟವರು ಎಷ್ಟು ಜನ ಇಲ್ಲ ಹೇಳಿ. ಅವತ್ತು ಎಲ್ಲರ ಮನೆಯಲ್ಲೂ ಅದೇ ಮಾತು.

ಜನರ ಕಣ್ಣಿಗೆ ಬಿದ್ದದ್ದು ಆ ಮಂಗಳವಾರ. ಆದರೆ ಈ ಕಥೆಯಲ್ಲಿ ನಾವು ನೋಡಬೇಕಾದ್ದು ಅದಕ್ಕೂ ಮೂರು ವಾರ ಹಿಂದಿನದು. ಆ ದೂರು ಕಂಪನಿಯೊಳಗೆ ಯಾವ ದಾರಿಯಲ್ಲಿ ನಡೆದು ಹೋಯಿತು, ಯಾರು ತೆರೆದರು, ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಅನ್ನುವುದು. ಕಂಪನಿಯೊಳಗಿನ ವಂಚನೆಯ ದೂರು ಉಳಿಯುವುದೋ ಸಾಯುವುದೋ ಬಹುತೇಕ ಈ ದಾರಿಯಲ್ಲೇ ತೀರ್ಮಾನವಾಗಿಬಿಡುತ್ತದೆ. ತನಿಖೆ, ವರದಿ ಎಲ್ಲ ಆಮೇಲಿನ ಮಾತು.

ಕಂಪನಿಯ ಅಧ್ಯಕ್ಷ ನಂದನ್ ನಿಲೇಕಣಿ ಅಕ್ಟೋಬರ್ 22ರಂದು ಕೊಟ್ಟ ಹೇಳಿಕೆಯಲ್ಲಿ ತಾರೀಖುಗಳೆಲ್ಲ ಇವೆ. ಸೆಪ್ಟೆಂಬರ್ 30ರಂದು ನಿರ್ದೇಶಕ ಮಂಡಳಿಯ ಒಬ್ಬ ಸದಸ್ಯರಿಗೆ ಹೆಸರಿಲ್ಲದ ಎರಡು ದೂರು ಬಂದವು. ಒಂದರಲ್ಲಿ ಸೆಪ್ಟೆಂಬರ್ 20ರ ತಾರೀಖಿತ್ತು, ಇನ್ನೊಂದರಲ್ಲಿ ತಾರೀಖೇ ಇರಲಿಲ್ಲ. ಅಕ್ಟೋಬರ್ 10ರಂದು ಎರಡನ್ನೂ, ಕಂಪನಿಯ ಲೆಕ್ಕಪತ್ರದ ಮೇಲೆ ಕಣ್ಣಿಡುವ ನಿರ್ದೇಶಕರ ಗುಂಪಾದ ಆಡಿಟ್ ಕಮಿಟಿಯ ಮುಂದೆ ಇಟ್ಟರು. ಮರುದಿನ, ಮಂಡಳಿಯಲ್ಲಿ ಕಂಪನಿಯ ಆಡಳಿತದ ಹುದ್ದೆ ಇಲ್ಲದ ನಿರ್ದೇಶಕರ ಮುಂದೆ. ಅಕ್ಟೋಬರ್ 16ಕ್ಕೆ ಇನ್ನೊಂದು ಸಂಗತಿ ಗೊತ್ತಾಯಿತು. ವಿಸಲ್‌ಬ್ಲೋವರ್, ಅಂದರೆ ಒಳಗಿನ ಅಕ್ರಮದ ಬಗ್ಗೆ ದೂರು ಕೊಡುವವರ ರಕ್ಷಣೆಗೆ ಇರುವ ಅಮೆರಿಕದ ಕಚೇರಿಗೂ ಅಕ್ಟೋಬರ್ 3ರ ತಾರೀಖಿನ ಒಂದು ಪತ್ರ ಹೋಗಿತ್ತು. ಇನ್ಫೋಸಿಸ್ ಷೇರು ನ್ಯೂಯಾರ್ಕಿನಲ್ಲೂ ವಹಿವಾಟಾಗುತ್ತದೆ, ಹಾಗಾಗಿ ಅಲ್ಲಿನ ನಿಯಂತ್ರಕರಿಗೂ ಇದರಲ್ಲಿ ಅಧಿಕಾರ ಇದೆ.

ದೂರು ಇದ್ದದ್ದು ಸಿಇಒ ಸಲೀಲ್ ಪಾರೇಖ್ ಮತ್ತು ಸಿಎಫ್ಒ ನೀಲಾಂಜನ್ ರಾಯ್ ಮೇಲೆ. ಲಾಭ ಜಾಸ್ತಿ ಕಾಣಿಸಲು ವೀಸಾ ಖರ್ಚನ್ನು ಪೂರ್ತಿ ತೋರಿಸಬೇಡಿ ಎಂದರು, ಲಾಭವೇ ಇಲ್ಲದ ದೊಡ್ಡ ಗುತ್ತಿಗೆಗಳಿಗೆ ಒಪ್ಪಿಗೆ ಕೊಟ್ಟರು, ಆಡಿಟರ್‌ಗಳಿಂದ ಮಾಹಿತಿ ಮುಚ್ಚಿಟ್ಟರು ಎಂಬಂಥ ಆರೋಪಗಳು. ತಾರೀಖಿಲ್ಲದ ದೂರು ಹೆಚ್ಚಾಗಿ ಸಿಇಒ ಅವರ ಅಮೆರಿಕ ಮತ್ತು ಮುಂಬೈ ಪ್ರಯಾಣಗಳ ಬಗ್ಗೆ. ಇವು ಆರೋಪಗಳು ಅಷ್ಟೇ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ತನಿಖೆಯ ಕೊನೆಗೆ ಇವುಗಳಲ್ಲಿ ಹುರುಳಿಲ್ಲ ಎಂದೇ ತೀರ್ಮಾನವಾಯಿತು.

ಆದರೆ ಸೆಪ್ಟೆಂಬರ್ 30ರಂದು ಅದು ಯಾರಿಗೂ ಗೊತ್ತಿರಲಿಲ್ಲ. ಕಂಪನಿಯ ಅತ್ಯಂತ ಮೇಲಿನ ಇಬ್ಬರ ಮೇಲೆ ದೂರು ಬಂದಾಗ ಅದನ್ನು ಯಾರು ವಿಚಾರಿಸಬೇಕು? ಎಚ್‌ಆರ್ ಮುಖ್ಯಸ್ಥರು ಸಿಇಒಗೆ ವರದಿ ಮಾಡುವವರು. ಹಣಕಾಸಿನ ತಂಡ ಸಿಎಫ್ಒ ಕೈಕೆಳಗಿನದು. ಇಂಥ ಹೊತ್ತಿಗೇ ಆಡಿಟ್ ಕಮಿಟಿ ಬೇಕಾಗುವುದು.

ಕಂಪನಿ ಕಾಯ್ದೆ 2013ರ 177ನೇ ಸೆಕ್ಷನ್ನಿನಲ್ಲಿ ಇದರ ಏರ್ಪಾಡು ಇದೆ. ಷೇರುಪೇಟೆಯಲ್ಲಿ ನೋಂದಾಯಿಸಿದ ಪ್ರತಿ ಕಂಪನಿಯೂ ‘ವಿಜಿಲ್ ಮೆಕ್ಯಾನಿಸಂ’ ಇಟ್ಟಿರಬೇಕು. ಅಂದರೆ ನೌಕರರು ಮತ್ತು ನಿರ್ದೇಶಕರು ಭಯವಿಲ್ಲದೆ ದೂರು ಕೊಡುವ ಒಂದು ದಾರಿ. ಸಾರ್ವಜನಿಕರಿಂದ ಠೇವಣಿ ಪಡೆದ ಕಂಪನಿಗೂ, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿಗೂ ಇದು ಕಡ್ಡಾಯ. ಈ ದಾರಿಯ ಮೇಲ್ವಿಚಾರಣೆ ಆಡಿಟ್ ಕಮಿಟಿಯದು. ಸೂಕ್ತ ಅಥವಾ ಅಸಾಧಾರಣ ಸಂದರ್ಭದಲ್ಲಿ ದೂರುದಾರರು ನೇರವಾಗಿ ಕಮಿಟಿಯ ಅಧ್ಯಕ್ಷರನ್ನೇ ತಲುಪುವ ಅವಕಾಶ ಇರಬೇಕು. ಕಾನೂನಿನ ಜೀವ ಇರುವುದೇ ಈ ಸಾಲಿನಲ್ಲಿ.

ಸೆಬಿ ನಿಯಮದ ಪ್ರಕಾರ ನೋಂದಾಯಿತ ಕಂಪನಿಯ ಆಡಿಟ್ ಕಮಿಟಿಯಲ್ಲಿ ಕನಿಷ್ಠ ಮೂವರು ಇರಬೇಕು, ಮೂರರಲ್ಲಿ ಎರಡು ಪಾಲು ಸ್ವತಂತ್ರ ನಿರ್ದೇಶಕರೇ ಆಗಿರಬೇಕು, ಅಧ್ಯಕ್ಷರಂತೂ ಸ್ವತಂತ್ರರೇ ಆಗಿರಬೇಕು. ಅವರ ಸಂಬಳ, ಬಡ್ತಿ ಸಿಇಒ ಕೈಯಲ್ಲಿಲ್ಲ. ಕಾನೂನು ಅವರನ್ನು ಆರಿಸಿದ್ದು ಇದಕ್ಕಾಗಿ. ಆದರೆ ಇದೇ ಜನ ವರ್ಷಕ್ಕೆ ನಾಲ್ಕೈದು ಸಲ ಸೇರುವವರು. ಕಂಪನಿಯಲ್ಲಿ ಅವರಿಗೆ ಸ್ವಂತದ ಕಚೇರಿ ಇಲ್ಲ, ಸಿಬ್ಬಂದಿ ಇಲ್ಲ. ಅವರ ಮುಂದೆ ಬರುವ ಕಾಗದಗಳನ್ನು ಸಿದ್ಧಮಾಡುವವರು ಸಿಎಫ್ಒ ಮತ್ತು ಕಂಪನಿ ಸೆಕ್ರೆಟರಿ. ಹೀಗಾಗಿ ಸ್ವತಂತ್ರ ಕಮಿಟಿ ಎನ್ನುವುದು ಕಾಗದದ ಮೇಲೆ ಎಷ್ಟು ಗಟ್ಟಿಯೋ ನಡಾವಳಿಯಲ್ಲಿ ಅಷ್ಟೇ ಪರಾವಲಂಬಿ.

ಇನ್ಫೋಸಿಸ್ ಕಮಿಟಿ ಆಗ ಏನು ಮಾಡಿತು? ಡಿ. ಸುಂದರಂ ಅದರ ಅಧ್ಯಕ್ಷರು. ಅಕ್ಟೋಬರ್ 11ರಿಂದ ಸ್ವತಂತ್ರ ಇಂಟರ್ನಲ್ ಆಡಿಟರ್ ಅರ್ನ್ಸ್ಟ್ ಅಂಡ್ ಯಂಗ್ ಜೊತೆ ಪ್ರಾಥಮಿಕ ವಿಚಾರಣೆಯ ಮಾತುಕತೆ ಶುರುವಾಯಿತು. ಅಕ್ಟೋಬರ್ 21ರಂದು ಶಾರ್ದೂಲ್ ಅಮರ್‌ಚಂದ್ ಮಂಗಲ್‌ದಾಸ್ ಎಂಬ ಕಾನೂನು ಸಂಸ್ಥೆಯನ್ನು ಸ್ವತಂತ್ರ ತನಿಖೆಗೆ ನೇಮಿಸಿದರು. ಸಿಇಒ ಮತ್ತು ಸಿಎಫ್ಒ ಇಬ್ಬರನ್ನೂ ಈ ವಿಷಯದಿಂದ ದೂರ ಇಟ್ಟರು.

ನನಗೆ ಇದರಲ್ಲಿ ಇರಿಸುಮುರುಸಾಗುವುದು ಒಂದೇ ತಾರೀಖು. ಅಕ್ಟೋಬರ್ 11ರಂದೇ ಕಂಪನಿ ಎರಡನೇ ತ್ರೈಮಾಸಿಕದ ಫಲಿತಾಂಶ ಪ್ರಕಟಿಸಿತು. ಲೆಕ್ಕ ಸರಿಯಿದೆ ಎಂದು ನೋಡಿ ಮಂಡಳಿಗೆ ಶಿಫಾರಸು ಮಾಡುವುದು ಆಡಿಟ್ ಕಮಿಟಿಯದೇ ಕೆಲಸ. ಲೆಕ್ಕದಲ್ಲಿ ಕೈಚಳಕ ಇದೆ ಎನ್ನುವ ದೂರು ಕೈಗೆ ಬಂದ ಮರುದಿನವೇ ಆ ಲೆಕ್ಕ ಹೊರಗೆ ಹೋಯಿತು. ಒಬ್ಬ ನಿರ್ದೇಶಕರಿಗೆ ಅದು ಸಿಕ್ಕಿದ್ದು ಹತ್ತು ದಿನ ಮೊದಲು. ಆ ಹತ್ತು ದಿನಗಳಲ್ಲಿ ಅದು ಕಮಿಟಿಗೆ ಸಿಕ್ಕಿದ್ದರೆ ಕನಿಷ್ಠ ಆಡಿಟರ್ ಎದುರು ಕೂತು, ‘ಈ ಮೂರು ನಮೂದುಗಳ ಕಾಗದ ತೋರಿಸಿ’ ಎಂದು ಕೇಳುವಷ್ಟು ಹೊತ್ತು ಇರುತ್ತಿತ್ತು. ದುರುದ್ದೇಶ ಇತ್ತು ಎಂದು ನಾನು ಹೇಳುತ್ತಿಲ್ಲ. ದೂರು ಮುಂದಿನ ಸಭೆಯ ತನಕ ಕಾಯುತ್ತದೆ ಎನ್ನುವ ಅಭ್ಯಾಸ ನಮ್ಮ ಕಂಪನಿಗಳಲ್ಲಿ ಬೇರೂರಿದೆ, ಅಷ್ಟೇ.

ದಾರಿ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತು ವರ್ಷ ಹಿಂದಿನ, ಹೈದರಾಬಾದಿನ ಐಟಿ ಕಂಪನಿ ಸತ್ಯಂ ಪ್ರಕರಣ ನೋಡಬೇಕು. 2008ರ ಡಿಸೆಂಬರ್ 18ರಂದು ಸತ್ಯಂನ ಒಬ್ಬ ನಿರ್ದೇಶಕರಿಗೆ ಸುಳ್ಳು ಹೆಸರಿನಿಂದ ಒಂದು ಇಮೇಲ್ ಬಂತು. ಕಂಪನಿ ತೋರಿಸುತ್ತಿರುವ ಹಣ ನಿಜಕ್ಕೂ ಇಲ್ಲ ಎಂಬುದು ಅದರ ಸಾರ. ಅವರು ಅದನ್ನು ಆಡಿಟ್ ಕಮಿಟಿಯ ಅಧ್ಯಕ್ಷರಿಗೆ ಕಳಿಸಿದರು. ಅಲ್ಲಿಯವರೆಗೆ ಸರಿ. ಅಲ್ಲಿಂದ ಅದು ಹೋದದ್ದು ಕಂಪನಿಯ ಆಡಿಟರ್ ಬಳಿಗೆ, ಅಂದರೆ ಆ ಹಣ ಇದೆ ಎಂದು ವರ್ಷ ವರ್ಷ ಸಹಿ ಹಾಕಿದ್ದ ಸಂಸ್ಥೆಗೆ.

ಬ್ಯಾಂಕಿನಲ್ಲಿ ದುಡ್ಡು ಇದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ತನಿಖೆ ಬೇಡ. ಕಮಿಟಿಯೇ ಹೊರಗಿನ ಒಬ್ಬರ ಮೂಲಕ ಬ್ಯಾಂಕಿಗೆ ನೇರವಾಗಿ ಬರೆದು, ಇಂಥ ದಿನ ಈ ಖಾತೆಗಳಲ್ಲಿ, ಠೇವಣಿಗಳಲ್ಲಿ ಎಷ್ಟಿತ್ತು ಎಂದು ಕೇಳಿದರೆ ಮುಗಿಯಿತು. ಉತ್ತರ ಕಂಪನಿಯ ಕೈ ಮೇಲೆ ಹಾಯದೆ ಬರಬೇಕು, ಇಷ್ಟೇ ಷರತ್ತು. ಅಷ್ಟು ಆಗಲಿಲ್ಲ. 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ತಾವಾಗಿಯೇ ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇರಲೇ ಇಲ್ಲ. ಇಮೇಲಿಗೂ ಪತ್ರಕ್ಕೂ ನಡುವೆ ಇದ್ದದ್ದು ಇಪ್ಪತ್ತು ದಿನ.

ಇನ್ಫೋಸಿಸ್ ಕಮಿಟಿ ಈ ತಪ್ಪು ಮಾಡಲಿಲ್ಲ. ಲೆಕ್ಕಕ್ಕೆ ಸಹಿ ಹಾಕುವ ಸ್ಟ್ಯಾಚುಟರಿ ಆಡಿಟರ್ ಡೆಲಾಯ್ಟ್. ತನಿಖೆಯಲ್ಲಿ ಕಾನೂನು ಸಂಸ್ಥೆಗೆ ಲೆಕ್ಕದ ನೆರವು ಕೊಟ್ಟದ್ದು ಪಿಡಬ್ಲ್ಯುಸಿ. ತಾನೇ ಸಹಿ ಹಾಕಿದ ಲೆಕ್ಕವನ್ನು ತಾನೇ ತನಿಖೆ ಮಾಡುವ ಪ್ರಸಂಗ ಬರಲಿಲ್ಲ.

ಇನ್ನು ತನಿಖೆ ಒಳಗೆ ಏನು ನಡೆಯುತ್ತದೆ? ದೂರಿನ ಒಂದು ಅಂಶ ತೆಗೆದುಕೊಳ್ಳೋಣ. ಒಂದು ಗುತ್ತಿಗೆಯಲ್ಲಿ 5 ಕೋಟಿ ಡಾಲರ್ ಮುಂಗಡಕ್ಕೆ ಸಂಬಂಧಿಸಿದ ಮೊತ್ತವನ್ನು ಲೆಕ್ಕದಲ್ಲಿ ವಾಪಸ್ ತೋರಿಸಬೇಕಿತ್ತು, ಹಾಗೆ ತೋರಿಸಿದರೆ ಆ ತ್ರೈಮಾಸಿಕದ ಲಾಭ ತಗ್ಗುತ್ತದೆ ಎಂದು ತೋರಿಸಬೇಡಿ ಎಂದು ಒತ್ತಡ ಬಂತು ಅನ್ನುವುದು ಆರೋಪ. ಇಂಥದ್ದನ್ನು ಪರೀಕ್ಷಿಸುವವರು ಮೊದಲು ಮನುಷ್ಯರ ಬಳಿ ಹೋಗುವುದಿಲ್ಲ. ಮೊದಲ ಕೆಲಸ, ಸಂಬಂಧಪಟ್ಟವರ ಇಮೇಲ್, ಲ್ಯಾಪ್‌ಟಾಪ್, ಫೋನಿನಿಂದ ಏನೂ ಅಳಿಸಿ ಹೋಗದ ಹಾಗೆ ಪ್ರತಿ ತೆಗೆದಿಡುವುದು. ದೂರಿನ ಸುದ್ದಿ ಸೋರುವ ಮುಂಚೆ ಇದು ಆಗಬೇಕು. ಸೋರಿದ ಮೇಲೆ ಸಿಗುವುದು ಉಳಿದ ಕಾಗದ ಮಾತ್ರ.

ಆಮೇಲೆ ಗುತ್ತಿಗೆಯ ಮೂಲ ಪತ್ರ, ನಂತರದ ತಿದ್ದುಪಡಿ ಪತ್ರಗಳು. ಹಣ ಯಾವ ಷರತ್ತಿನ ಮೇಲೆ ಕೈ ಬದಲಾಯಿತು, ಅದನ್ನು ಎಷ್ಟು ವರ್ಷಕ್ಕೆ ಹಂಚಬೇಕು ಎನ್ನುವುದು ಅಲ್ಲೇ ಇರುತ್ತದೆ. ಹಣಕಾಸಿನ ತಂಡ ಆ ನಮೂದಿಗೆ ಯಾಕೆ ಆ ರೀತಿ ಲೆಕ್ಕ ಹಾಕಿತು ಎಂದು ಒಂದು ಟಿಪ್ಪಣಿ ಬರೆದಿಟ್ಟಿರುತ್ತದೆ. ಅದನ್ನು ಬರೆದ ದಿನ ನೋಡುತ್ತಾರೆ. ನಮೂದಿಗೆ ಮುಂಚೆ ಬರೆದದ್ದೋ, ಪ್ರಶ್ನೆ ಬಂದ ಮೇಲೆ ಹೊಂದಿಸಿದ್ದೋ? ಇದೊಂದು ತಾರೀಖು ಎಷ್ಟೋ ಸಲ ಹತ್ತು ಜನರ ಸಾಕ್ಷಿಗಿಂತ ಜಾಸ್ತಿ ಹೇಳುತ್ತದೆ. ತ್ರೈಮಾಸಿಕ ಮುಗಿಯುವ ಕೊನೆಯ ವಾರದಲ್ಲಿ ಅಂಕಿ ಎಷ್ಟು ಸಲ ಬದಲಾಯಿತು, ಯಾರ ಲಾಗಿನ್‌ನಿಂದ ಬದಲಾಯಿತು ಎನ್ನುವುದು ಸಾಫ್ಟ್‌ವೇರಿನಲ್ಲಿ ಉಳಿದಿರುತ್ತದೆ. ಇದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡ ಮೇಲೆ ಜನರನ್ನು ಕರೆಯುತ್ತಾರೆ. ಕೆಳಗಿನವರು ಮೊದಲು, ಆರೋಪ ಹೊತ್ತವರು ಕೊನೆಗೆ.

ಇನ್ಫೋಸಿಸ್ ತನಿಖೆಯಲ್ಲಿ 77 ಜನರನ್ನು ಒಟ್ಟು 128 ಸಲ ವಿಚಾರಿಸಿದರು. 2 ಲಕ್ಷ 10 ಸಾವಿರಕ್ಕೂ ಜಾಸ್ತಿ ದಾಖಲೆ ನೋಡಿದರು. 8 ಟೆರಾಬೈಟ್‌ಗೂ ಮೀರಿದ ಡೇಟಾ ಜಾಲಾಡಿದರು. 2020ರ ಜನವರಿ 10ರಂದು, ಮತ್ತೆ ಫಲಿತಾಂಶದ ದಿನವೇ, ಹಣಕಾಸಿನ ಅಕ್ರಮಕ್ಕೆ ಅಥವಾ ಅಧಿಕಾರಿಗಳ ದುರ್ನಡತೆಗೆ ಪುರಾವೆ ಇಲ್ಲ ಎಂದು ಕಮಿಟಿ ಹೇಳಿತು. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕೂಡ ತನ್ನ ತನಿಖೆ ಮುಗಿಸಿದೆ, ಮುಂದೆ ಕ್ರಮದ ನಿರೀಕ್ಷೆ ಇಲ್ಲ ಎಂದು ಕಂಪನಿ ಮಾರ್ಚ್‌ನಲ್ಲಿ ತಿಳಿಸಿತು.

ಹಾಗಾದರೆ ವ್ಯವಸ್ಥೆ ಕೆಲಸ ಮಾಡಿತು ಅಲ್ವಾ? ಮಾಡಿತು, ಎರಡು ಕಡೆ ಎಡವಿಕೊಂಡು. ಒಂದು, ನವೆಂಬರ್ ಮೊದಲ ವಾರ ವಿಶ್ಲೇಷಕರ ಸಭೆಯಲ್ಲಿ ನಿಲೇಕಣಿ ಅವರು, ಈ ಕಂಪನಿಯ ಅಂಕಿಗಳನ್ನು ದೇವರೂ ಬದಲಾಯಿಸಲಾರ ಎಂಬ ಅರ್ಥದ ಮಾತು ಹೇಳಿದರು. ತಮ್ಮ ಹಣಕಾಸಿನ ತಂಡದ ಪರ ನಿಲ್ಲುವ ಉದ್ದೇಶ ಇರಬಹುದು. ಆದರೆ ತನಿಖೆ ಅರ್ಧದಲ್ಲಿತ್ತು. ವಿಚಾರಣೆಗೆ ಬರಬೇಕಾದ ಒಬ್ಬ ಕಿರಿಯ ಅಕೌಂಟೆಂಟ್ ಆ ಮಾತು ಪತ್ರಿಕೆಯಲ್ಲಿ ಓದಿದರೆ ಏನು ಅಂದುಕೊಳ್ಳಬೇಕು? ಅಧ್ಯಕ್ಷರು ಆಗ ಸುಮ್ನೆ ಇರಬಹುದಿತ್ತು.

ಎರಡನೆಯದು ದೂರುದಾರರ ಕಡೆಯದು. ತಮ್ಮ ಬಳಿ ಇಮೇಲ್ ಇವೆ, ಧ್ವನಿಮುದ್ರಣ ಇವೆ ಎಂದು ಅಮೆರಿಕಕ್ಕೆ ಹೋದ ಪತ್ರದಲ್ಲಿ ಇತ್ತು. ಅವು ತನಗೆ ಸಿಕ್ಕಿಲ್ಲ ಎಂದು ಕಂಪನಿ ಹೇಳಿತು. ಹೆಸರಿಲ್ಲದ ದೂರಿನ ಕಷ್ಟವೇ ಇದು. ತನಿಖೆ ಮಾಡುವವರಿಗೆ ಒಂದು ಅನುಮಾನ ಬಂದರೆ ವಾಪಸ್ ಕೇಳುವ ದಾರಿ ಇರಬೇಕು. ಈಗ ಅನೇಕ ಕಂಪನಿಗಳು ಹೊರಗಿನ ಸಂಸ್ಥೆಯೊಂದಕ್ಕೆ ಈ ಕೆಲಸ ಕೊಡುತ್ತವೆ. ದೂರು ಕೊಟ್ಟಾಗ ಒಂದು ನಂಬರ್ ಸಿಗುತ್ತದೆ. ಆ ನಂಬರ್ ಹಾಕಿ ಒಳಗೆ ಹೋದರೆ, ಹೆಸರು ಹೇಳದೆಯೇ ಎರಡೂ ಕಡೆಯಿಂದ ಮಾತಾಡಬಹುದು.

ಇನ್ಫೋಸಿಸ್ ದೊಡ್ಡ ಕಂಪನಿ. ಅಲ್ಲಿ ವಕೀಲರು ಬಂದರು, ಟೆರಾಬೈಟ್ ಲೆಕ್ಕದಲ್ಲಿ ಡೇಟಾ ನೋಡಿದರು. ಬಹುಪಾಲು ದೂರುಗಳು ಇರುವುದು ಇಂಥ ಕಡೆ ಅಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಮಧ್ಯಮ ಗಾತ್ರದ ಕಂಪನಿಯ ಕಾರ್ಖಾನೆಯಲ್ಲಿ ಸ್ಕ್ರ್ಯಾಪ್ ಮಾರಾಟದಲ್ಲಿ ಮೋಸ ನಡೆಯುತ್ತಿದೆ ಎಂದು ಸ್ಟೋರ್ಸ್‌ನ ಒಬ್ಬರು ದೂರು ಕೊಟ್ಟರು. ತುಂಬಿದ ಲಾರಿಯನ್ನು ತೂಕಕ್ಕೆ ನಿಲ್ಲಿಸಿದಾಗ ಬರುವ ವೇಬ್ರಿಡ್ಜ್ ಚೀಟಿಯಲ್ಲಿ ಒಂದು ತೂಕ, ಬಿಲ್ಲಿನಲ್ಲಿ ಅದಕ್ಕಿಂತ ಒಂದೂವರೆ ಟನ್ ಕಡಿಮೆ. ನಾಲ್ಕು ಲಾರಿಗಳ ನಂಬರ್, ತಾರೀಖು ಬರೆದಿದ್ದರು. ಇದಕ್ಕಿಂತ ಒಳ್ಳೆಯ ದೂರು ಇರಲು ಸಾಧ್ಯವಿಲ್ಲ. ಚೀಟಿ ಒಂದು ಕೈಯಲ್ಲಿ, ಬಿಲ್ ಒಂದು ಕೈಯಲ್ಲಿ ಹಿಡಿದರೆ ಅರ್ಧ ಗಂಟೆಯ ಕೆಲಸ.

ದೂರಿನ ಮೇಲ್ ಐಡಿ ತೆರೆಯುತ್ತಿದ್ದವರು ಕಂಪನಿ ಸೆಕ್ರೆಟರಿ. ಅವರು ವರದಿ ಮಾಡುತ್ತಿದ್ದದ್ದು ಸಿಎಫ್ಒಗೆ. ಅವರು ಆ ಮೇಲನ್ನು ‘ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಕಾರ್ಖಾನೆಯ ಮುಖ್ಯಸ್ಥರಿಗೆ ಹಾಗೆಯೇ ಫಾರ್ವರ್ಡ್ ಮಾಡಿದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಎಲ್ಲ ಮೇಲ್‌ಗಳನ್ನೂ ಹಾಗೇ ಮಾಡುತ್ತಿದ್ದರು. ದೂರಿನಲ್ಲಿ ಹೆಸರಿರಲಿಲ್ಲ. ಆದರೆ ಆ ನಾಲ್ಕು ಚೀಟಿಗಳನ್ನು ಒಟ್ಟಿಗೆ ನೋಡಲು ಸಾಧ್ಯವಿದ್ದವರು ಇಡೀ ಕಾರ್ಖಾನೆಯಲ್ಲಿ ಇಬ್ಬರೇ. ಎರಡು ದಿನಕ್ಕೆ ಗೊತ್ತಾಯಿತು ಯಾರು ಎಂದು. ಒಂದು ತಿಂಗಳಿಗೆ ಅವರಿಗೆ ಬೇರೆ ಊರಿಗೆ ವರ್ಗ. ಚೀಟಿಗಳ ಫೈಲು ಮಳೆಗೆ ನೆನೆಯಿತಂತೆ. ಆಡಿಟ್ ಕಮಿಟಿಯ ಮುಂದೆ ಹೋದದ್ದು ಒಂದು ಸಾಲು: ‘ಒಂದು ದೂರು ಬಂದಿತ್ತು, ಆಧಾರ ಇಲ್ಲವೆಂದು ಮುಕ್ತಾಯ ಮಾಡಲಾಗಿದೆ.’

ಕಮಿಟಿಯವರು ಆ ಮೂಲ ದೂರನ್ನು ಕೇಳಿ ಓದಬಹುದಿತ್ತು. ಕೇಳಲಿಲ್ಲ. ಸಾರಾಂಶ ಬರೆದವರು ಯಾರೋ ಅವರ ಕಣ್ಣಿನಿಂದಲೇ ಕಮಿಟಿ ನೋಡುತ್ತದೆ. ಚೆನ್ನಾಗಿ ನಡೆಯುವ ಕಮಿಟಿಗಳಲ್ಲಿ ಎರಡು ಅಭ್ಯಾಸ ಇರುತ್ತದೆ. ದೂರಿನ ಮೇಲ್ ಬಂದ ಕೂಡಲೇ ಅದರ ಪ್ರತಿ ತಾನಾಗಿಯೇ ಅಧ್ಯಕ್ಷರ ಸ್ವಂತ ಐಡಿಗೆ ಹೋಗುತ್ತದೆ, ನಡುವೆ ಯಾರೂ ಇರುವುದಿಲ್ಲ. ಮತ್ತೆ, ಮುಕ್ತಾಯ ಮಾಡಿದ ದೂರುಗಳಲ್ಲಿ ಒಂದೆರಡನ್ನು ಅವರು ಪ್ರತಿ ಸಲ ತೆರೆಸಿ, ಏನು ಪರೀಕ್ಷಿಸಿದಿರಿ ತೋರಿಸಿ ಎನ್ನುತ್ತಾರೆ.

ವರ್ಗವಾದ ಆ ಮನುಷ್ಯನಿಗೆ ಕಾನೂನಿನಲ್ಲಿ ಏನಿದೆ? ದೂರುದಾರರಿಗೆ ತೊಂದರೆ ಆಗದಂತೆ ಸಾಕಷ್ಟು ರಕ್ಷಣೆ ಇರಬೇಕು ಎಂದು 177ನೇ ಸೆಕ್ಷನ್ ಹೇಳುತ್ತದೆ. ತೊಂದರೆ ಕೊಟ್ಟವರಿಗೆ ಪ್ರತ್ಯೇಕ ಶಿಕ್ಷೆ ಅಲ್ಲಿಲ್ಲ. ಈ ಸೆಕ್ಷನ್ನನ್ನೇ ಪಾಲಿಸದ ಕಂಪನಿಗೆ ದಂಡ 5 ಲಕ್ಷ ರೂಪಾಯಿ, ತಪ್ಪಿತಸ್ಥ ಅಧಿಕಾರಿಗೆ 1 ಲಕ್ಷ. ಕೋಟಿಗಟ್ಟಲೆ ವಹಿವಾಟಿನ ಕಂಪನಿಗೆ ಇದು ಕ್ಯಾಂಟೀನ್ ಖರ್ಚು. 2014ರಲ್ಲಿ ಸಂಸತ್ತು ಒಪ್ಪಿದ ವಿಸಲ್‌ಬ್ಲೋವರ್ ರಕ್ಷಣಾ ಕಾಯ್ದೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಸರ್ಕಾರಿ ನೌಕರರ ಮೇಲಿನ ದೂರುಗಳಿಗೆ ಸಂಬಂಧಿಸಿದ್ದು, ಖಾಸಗಿ ಕಂಪನಿಯ ಒಳಗಿನ ವಂಚನೆಗೆ ಅಲ್ಲ. ಅಮೆರಿಕದಲ್ಲಿ ಎಸ್‌ಇಸಿ ವಿಧಿಸುವ ದಂಡ 10 ಲಕ್ಷ ಡಾಲರ್ ದಾಟಿದರೆ ಸುಳಿವು ಕೊಟ್ಟವರಿಗೆ ಅದರಲ್ಲಿ ಶೇ 10ರಿಂದ 30ರವರೆಗೆ ಬಹುಮಾನ ಸಿಗಬಹುದು. ಬೆಂಗಳೂರಿನಿಂದ ದೂರು ವಾಷಿಂಗ್ಟನ್‌ಗೆ ಯಾಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ. ನಮ್ಮ ಸೆಬಿಯೂ 2019ರ ಡಿಸೆಂಬರ್‌ನಿಂದ ಬಹುಮಾನ ಕೊಡುವ ಏರ್ಪಾಡು ಮಾಡಿದೆ, ಆದರೆ ಅದು ಇನ್‌ಸೈಡರ್ ಟ್ರೇಡಿಂಗ್, ಅಂದರೆ ಕಂಪನಿಯ ಒಳಗುಟ್ಟು ತಿಳಿದು ಷೇರು ವಹಿವಾಟು ಮಾಡುವುದರ ಸುಳಿವಿಗೆ ಮಾತ್ರ.

ಇನ್ಫೋಸಿಸ್ ಪ್ರಕರಣದ ನಂತರ ಒಂದೆರಡು ತಿರುಪು ಬಿಗಿಯಾಗಿವೆ. 2020ರ ಅಕ್ಟೋಬರ್‌ನಿಂದ, ನೋಂದಾಯಿತ ಕಂಪನಿ ಫೊರೆನ್ಸಿಕ್ ಆಡಿಟ್, ಅಂದರೆ ವಂಚನೆ ಹುಡುಕುವ ಲೆಕ್ಕ ತಪಾಸಣೆ ಶುರುಮಾಡಿದರೆ ಷೇರುಪೇಟೆಗೆ ತಿಳಿಸಬೇಕು. 2021–22ರ ಲೆಕ್ಕದಿಂದ ಆಡಿಟರ್ ಕೂಡ, ಆ ವರ್ಷ ಕಂಪನಿಗೆ ಬಂದ ವಿಸಲ್‌ಬ್ಲೋವರ್ ದೂರುಗಳನ್ನು ತಾನು ಗಮನಿಸಿದೆನೋ ಇಲ್ಲವೋ ಎಂದು ತನ್ನ ವರದಿಯಲ್ಲಿ ಬರೆಯಬೇಕು. ಈ ಎರಡನೆಯದು ಸಣ್ಣದಾಗಿ ಕಂಡರೂ ಕೆಲಸಕ್ಕೆ ಬರುವಂಥದ್ದು. ಸತ್ಯಂನಲ್ಲಿ ದೂರು ಆಡಿಟರ್ ಒಬ್ಬರ ಬಳಿಗೇ ಹೋಗಿ ನಿಂತಿತು. ಈಗ ಅದು ಕಮಿಟಿಯ ಬಳಿಯೂ ಇರಬೇಕು, ಆಡಿಟರ್ ಬಳಿಯೂ ಇರಬೇಕು.

ನಿಮ್ಮ ಬಳಿ ಯಾವುದಾದರೂ ಕಂಪನಿಯ ಷೇರಿದ್ದರೆ ಅದರ ವಾರ್ಷಿಕ ವರದಿಯಲ್ಲಿ ಕಾರ್ಪೊರೇಟ್ ಗವರ್ನೆನ್ಸ್ ಭಾಗ ತೆರೆದು ನೋಡಿ. ‘ಆಡಿಟ್ ಕಮಿಟಿಯನ್ನು ತಲುಪಲು ಯಾರಿಗೂ ಅಡ್ಡಿ ಮಾಡಿಲ್ಲ’ ಎಂಬ ಸಾಲು ಇದ್ದೇ ಇರುತ್ತದೆ, ಅದು ಕಡ್ಡಾಯ. ನಾನು ಅದರ ಬದಲು ಎರಡು ವಿಷಯ ಹುಡುಕುತ್ತೇನೆ. ಕಂಪನಿಯ ವೆಬ್‌ಸೈಟಿನಲ್ಲಿರುವ ವಿಜಿಲ್ ಪಾಲಿಸಿಯಲ್ಲಿ ಕಮಿಟಿ ಅಧ್ಯಕ್ಷರನ್ನು ತಲುಪುವ ಪ್ರತ್ಯೇಕ ವಿಳಾಸ ಇದೆಯಾ, ಇಲ್ಲ ಎಲ್ಲವೂ ಒಂದೇ ಆಫೀಸಿನ ಐಡಿಗೆ ಹೋಗುತ್ತದಾ? ಎಷ್ಟು ದೂರು ಬಂದವು ಎಂದು ಬರೆದಿದ್ದಾರಾ? ಹತ್ತು ಸಾವಿರ ನೌಕರರಿರುವ ಕಂಪನಿಯಲ್ಲಿ ಸತತ ಐದು ವರ್ಷ ಸೊನ್ನೆ ದೂರು ಎಂದು ಕಂಡರೆ ನನಗೆ ಆ ವೇಬ್ರಿಡ್ಜ್ ಚೀಟಿಗಳ ನೆನಪಾಗುತ್ತದೆ.